ಹದಿನಾಲ್ಕನೆಯ ಸಾಲಿನ ಹಳದಿ ಚೌಕ

ಖಂಡೆಪ್ಪನ ಮೊದಲ ವಿಸಿಡಿ ಬಿಡುಗಡೆಯಾದ ದಿನ ಅವನ ಊರು ಅಗರಖೇಡದ ಹತ್ತಿರ ಭೀಮಾ ನದಿ ಮುಕ್ಕಾಲು ಗಂಟೆ ಹರಿಯುವುದನ್ನೇ ನಿಲ್ಲಿಸಿತು. ದಂಡೆಯ ಮೇಲಿನ ಮನೆಯೊಂದರ ಟಿವಿಯಲ್ಲಿ ಅವನ ನಾಟಕವನ್ನು ಮೊದಲಿನಿಂದ ಕೊನೆತನಕ ನೋಡಿ, ಹೊಟ್ಟೆತುಂಬ ನಕ್ಕು, ಆಮೇಲೆ ಮುಂದಕ್ಕೆ ಹರಿಯಿತು. ಕೆಳಗಿನ ಊರಿನವರು ನೀರು ಯಾಕೆ ತಡವಾಯಿತೆಂದು ವಿಚಾರಿಸಲು ಎರಡು ಟೆಂಪೋ ತುಂಬಿಕೊಂಡು ಬಂದಿದ್ದರಂತೆ. ಇದನ್ನು ಖಂಡೆಪ್ಪ ತಾನೇ ಹೇಳಿದ್ದು, ಅದೂ ಒಂದು ಸಲವಲ್ಲ. ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಈ ಕಥೆ ಕೇಳದ ನೊಣವೂ ಉಳಿದಿರಲಿಲ್ಲ.

ಖಂಡೆಪ್ಪನಿಗೆ ಎರಡು ಎಕರೆ ಲಿಂಬೆ, ಒಂದು ಎಕರೆ ದ್ರಾಕ್ಷಿ, ಮತ್ತು ಆರು ಎಕರೆಯಷ್ಟು ಮೀಸೆ ಇತ್ತು. ವರ್ಷದ ಅರ್ಧ ತೋಟ ನೋಡುತ್ತಿದ್ದ, ಇನ್ನರ್ಧ ವಿಸಿಡಿಯಲ್ಲಿ ನಟಿಸುತ್ತಿದ್ದ. ಅವನ ದ್ರಾಕ್ಷಿ ತೋಟದ ಮೇಲೆ ಈಗೊಂದು ವರ್ಷದಿಂದ ಹಕ್ಕಿ ಹಾರುವುದೇ ಬಿಟ್ಟಿತ್ತು. ಪಕ್ಕದ ತೋಟದವರು ತಗಡು ಬಡಿದು ಬಡಿದು ಕೈ ಸೋತರೆ, ಇವನು ಮರದ ಕೆಳಗೆ ಮಲಗಿ ಹಾಡು ಹೇಳುತ್ತಿದ್ದ. ಕೇಳಿದರೆ, ಕಲಾವಿದನ ಖದರು ಗಿಳಿಗಳಿಗೂ ತಿಳಿಯುತ್ತದೆ, ಅವು ಅಪ್ಪಣೆ ಇಲ್ಲದೆ ಬರುವುದಿಲ್ಲ ಎಂದು ಉತ್ತರ ಕೊಡುತ್ತಿದ್ದ.

ಈ ವಿಸಿಡಿಗಳನ್ನು ಮಾಡಿಸಿ ಮಾರುವವನು ಚಾಂದಸಾಬ. ಇಂಡಿಯ ಬಸ್ ನಿಲ್ದಾಣದ ಎದುರಿಗೆ ಅವನ ಕ್ಯಾಸೆಟ್ ಅಂಗಡಿ. ಮದುವೆಯ ವಿಡಿಯೋ ತೆಗೆಯುವ ಕ್ಯಾಮೆರಾ ಒಂದಿತ್ತು. ಮದುವೆ ಇಲ್ಲದ ತಿಂಗಳಲ್ಲಿ ಅದು ಸುಮ್ಮನೆ ಕೂರಬಾರದೆಂದು ನಗೆನಾಟಕ ತೆಗೆಯಲು ಶುರುಮಾಡಿದ್ದ. ಮೂರು ವರ್ಷದಲ್ಲಿ ಇಪ್ಪತ್ತು ನಾಟಕ ಆಗಿದ್ದವು. ಪ್ರತಿಯೊಂದಕ್ಕೂ ಇನ್ನೂರು ಡಿಸ್ಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರಿನ ನಾಲ್ಕು ಅಂಗಡಿಗಳಿಗೆ ಐವತ್ತೈವತ್ತು. ಎಲ್ಲ ಅಂಗಡಿಗಳೂ ಬಸ್ ನಿಲ್ದಾಣದ ಮಗ್ಗುಲಿಗೇ ಇದ್ದವು. ಹೊಸ ಡಿಸ್ಕು ಬಂದ ಕೂಡಲೇ ಅಂಗಡಿಯವರು ಅದನ್ನು ಹೊರಗಿನ ಟಿವಿಗೆ ಹಾಕುತ್ತಿದ್ದರು. ಬಸ್ಸಿಗೆ ನಿಂತವರು ನೋಡಿ ನಕ್ಕರೆ ಒಂದು ಕೊಂಡು ಹೋಗುತ್ತಿದ್ದರು.

ಆದರೆ ಈ ವ್ಯಾಪಾರದ ಆಯುಷ್ಯ ಏಳೇ ದಿನ. ಎಂಟನೆಯ ದಿನಕ್ಕೆ ಯಾರೋ ಪುಣ್ಯಾತ್ಮರು ನಕಲು ಮಾಡಿ ಸಂತೆಯಲ್ಲಿ ತಾಡಪಾಲು ಹಾಸಿಕೊಂಡು ಕೂರುತ್ತಿದ್ದರು. ಹಾಗಾಗಿ ಮೊದಲ ವಾರ ಎಷ್ಟು ಹೋಯಿತೋ ಅಷ್ಟೇ ಆ ನಾಟಕದ ಜಾತಕ.

ಇಪ್ಪತ್ತೊಂದನೆಯದು ಬರಬೇಕಿತ್ತು. ಮಳೆ ಶುರುವಾಗುವ ಮೊದಲು ಚಾಂದಸಾಬನ ಕೈಯಲ್ಲಿ ಒಂದೇ ನಾಟಕ ಆಗುವಷ್ಟು ದಿನಗಳಿದ್ದವು, ಆದರೆ ಮುಂದೆ ಬಂದಿದ್ದವು ಎರಡು ಕಥೆ. ಒಂದರಲ್ಲಿ ಖಂಡೆಪ್ಪನೇ ನಾಯಕ. ಮೋಟಾರ್ ಸೈಕಲ್ಲಿನ ಮೇಲೆ ಬಂದು ಊರು ಉದ್ಧಾರ ಮಾಡುತ್ತಾನೆ. ಇನ್ನೊಂದರಲ್ಲಿ ಗುರವ್ವ ಮುಖ್ಯ. ಗುರವ್ವನೂ ಅಗರಖೇಡದವಳೇ. ಹೊಲದ ಕೆಲಸಕ್ಕೆ ಹೋಗುವವಳು, ಐವತ್ತು ದಾಟಿದವಳು, ಮೊದಲ ನಾಟಕದಿಂದಲೂ ಅತ್ತೆಯ ಪಾತ್ರ ಮಾಡುತ್ತ ಬಂದವಳು. ಅವಳು ಕ್ಯಾಮೆರಾದ ಮುಂದೆ ಬೈಯಲು ನಿಂತರೆ ಮಾತು ಬರೆದುಕೊಡುವ ಅಗತ್ಯವೇ ಇರುತ್ತಿರಲಿಲ್ಲ.

ಚಾಂದಸಾಬ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ಖಂಡೆಪ್ಪನೇ ದಾರಿ ತೋರಿಸಿದ. ತನ್ನ ಹೆಸರಿನ ಮೇಲೆ ಎಷ್ಟು ಡಿಸ್ಕು ಹೋಗುತ್ತವೆಂದು ಲೆಕ್ಕ ತೆಗೆಸಿರಿ, ಇಪ್ಪತ್ತೂ ನಾಟಕದ ಮೊದಲ ವಾರ ಪಕ್ಕಪಕ್ಕಕ್ಕೆ ಇಟ್ಟು ನೋಡಿರಿ, ಅಂಕಿ ಏನು ಹೇಳುತ್ತದೋ ಅದಕ್ಕೆ ತಾನು ಬದ್ಧ ಎಂದುಬಿಟ್ಟ. ಗುರವ್ವ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ತಾನೂ ಬದ್ಧ ಎಂದಳು. ಅಂಕಿ ಸೋತರೆ ಖಂಡೆಪ್ಪ ಎರಡನೆಯ ಪಾತ್ರಕ್ಕೆ ಇಳಿಯಬೇಕು. ಇಪ್ಪತ್ತು ಸಲ ನಾಯಕನಾದವನಿಗೆ ಅದು ಮೀಸೆ ಬೋಳಿಸಿಕೊಂಡಷ್ಟೇ ಕಷ್ಟ. ಆದರೂ ಅವನು ಅಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಒಂದು ಕಾರಣವಿತ್ತು, ಅದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಚಾಂದಸಾಬನ ಅಂಗಡಿಯ ಮೇಲಿನ ಮಹಡಿಯಲ್ಲಿ ವಿಜಯಶ್ರೀ ಎಂಬ ಹುಡುಗಿಯ ಕಂಪ್ಯೂಟರ್ ಕ್ಲಾಸು. ಮೂರು ಕಂಪ್ಯೂಟರು, ಅದರಲ್ಲಿ ಎರಡು ನಡೆಯುತ್ತಿದ್ದವು. ಕಾಲೇಜು ಮುಗಿಸಿದವರಿಗೆ ಎಕ್ಸೆಲ್ ಕಲಿಸುತ್ತಿದ್ದಳು. ಮಧ್ಯಾಹ್ನ ಕ್ಲಾಸು ಬಿಡುವಾದಾಗ ಚಾಂದಸಾಬ ತನ್ನ ಲೆಕ್ಕದ ವಹಿ ಹಿಡಿದುಕೊಂಡು ಮೇಲೆ ಹೋದ. ಹಿಂದೆ ಖಂಡೆಪ್ಪ, ಅವನ ಹಿಂದೆ ಗುರವ್ವ. ಕಂಪ್ಯೂಟರ್ ಕಂಡ ಕೂಡಲೇ ಖಂಡೆಪ್ಪ, ಇಂಥದ್ದು ತನ್ನ ಅಜ್ಜನ ಕಾಲಕ್ಕೇ ಮನೆಯಲ್ಲಿತ್ತು, ಜೋಳ ತುಂಬಿಡುವ ಹಗೇವಿನ ಪಕ್ಕಕ್ಕೆ ಇಡುತ್ತಿದ್ದರು ಎಂದ. ವಿಜಯಶ್ರೀ ನಗಲಿಲ್ಲ. ಅವಳು ಅಂಕಿಯವಳು.

ಅವಳು ಚೌಕಚೌಕದ ಹಾಳೆ ತೆರೆದು, ಒಂದು ನಾಟಕಕ್ಕೆ ಒಂದು ಸಾಲು ಎಂದು ಮೊದಲೇ ಹೇಳಿದಳು. ಇಪ್ಪತ್ತು ನಾಟಕ, ಇಪ್ಪತ್ತು ಸಾಲು. ಅಡ್ಡಕ್ಕೆ ಕಾಲಮ್ಮುಗಳು: ನಂಬರು, ಹೆಸರು, ಬಿಡುಗಡೆಯ ತಾರೀಖು, ಎಷ್ಟು ನಿಮಿಷದ್ದು, ಕವರಿನ ಮೇಲೆ ಯಾರ ಚಿತ್ರ. ಅದಾದ ಮೇಲೆ ನಾಲ್ಕು ಊರಿಗೆ ನಾಲ್ಕು ಕಾಲಮ್ಮು, ಕೊನೆಗೆ ಒಟ್ಟು. ಒಟ್ಟು ಅವಳು ಕೈಯಿಂದ ಬರೆಯಲಿಲ್ಲ. ಮೊದಲ ಸಾಲಿನಲ್ಲಿ ಕೂಡಿಸುವ ಸೂತ್ರ ಹಾಕಿ, ಆ ಚೌಕದ ಮೂಲೆ ಹಿಡಿದು ಕೆಳಗೆ ಎಳೆದಳು. ಇಪ್ಪತ್ತು ಸಾಲಿಗೂ ಸೂತ್ರ ಇಳಿಯಿತು. ಗುರವ್ವನಿಗೆ ಅದು ಬಹಳ ಹಿಡಿಸಿತು. ಹೊಲದಲ್ಲೂ ಹಿಂಗ ಒಂದು ಸಾಲು ಕಳೆ ತೆಗೆದು ಎಳೆದುಬಿಟ್ಟರೆ ಎಷ್ಟು ಚೆಂದ ಎಂದು ಅವಳು ಮೂರು ಸಲ ಅಂದಳು.

ಕವರಿನ ಕಾಲಮ್ಮು ತುಂಬುವಾಗ ಖಂಡೆಪ್ಪನ ಎದೆ ಕಮಾನಿನಂತೆ ಉಬ್ಬಿತು. ಒಂದನೆಯ ಸಾಲು, ಖಂಡೆಪ್ಪ. ಎರಡನೆಯದು, ಖಂಡೆಪ್ಪ. ಇಪ್ಪತ್ತನೆಯದರವರೆಗೂ ಖಂಡೆಪ್ಪ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇನ್ನೇನು ನೋಡುವುದಿದೆ, ಮಾರಿದ್ದೆಲ್ಲ ಈ ಮುಖವೇ ಎಂದು ತೀರ್ಪು ಕೊಟ್ಟ.

ವಿಜಯಶ್ರೀ ಆ ಕಾಲಮ್ಮಿನ ಮೇಲೆ ಬೆರಳಾಡಿಸಿದಳು. "ಕಾಕಾ, ಚೊಲೊ ಹ್ವಾದದ್ದಕ್ಕೂ ನೀವs ಅದೀರಿ, ಹೋಗಲಾರದ್ದಕ್ಕೂ ನೀವs ಅದೀರಿ. ಎಲ್ಲಾ ಚೌಕದಾಗೂ ಒಂದs ಹೆಸರಿದ್ರ ಆ ಕಾಲಮ್ಮು ಏನೂ ಹೇಳಂಗಿಲ್ರಿ."

ಚಾಂದಸಾಬ ಕೆಮ್ಮಿದಂತೆ ಮಾಡಿ ನಗು ನುಂಗಿದ. ಖಂಡೆಪ್ಪ ಮಾತ್ರ, ಕಂಪ್ಯೂಟರಿಗೆ ಕಲೆ ತಿಳಿಯುವುದಿಲ್ಲ ಎಂದು ಗೊಣಗಿದ.

ಮುಂದೆ ಊರುಗಳ ಅಂಕಿ. ಚಾಂದಸಾಬನ ವಹಿಯಲ್ಲಿ ಪ್ರತಿ ನಾಟಕದ ಎದುರಿಗೆ ಇಂಡಿಯಲ್ಲಿ ತಾನೇ ಎಣಿಸಿದ, ಉಳಿದ ಮೂರು ಊರಿನವರು ಫೋನಿನಲ್ಲಿ ಹೇಳಿದ ಮೊದಲ ವಾರದ ಸಂಖ್ಯೆ ಇತ್ತು. ಒಂಬತ್ತನೆಯ ನಾಟಕ "ಬೀಗರ ಬುತ್ತಿ". ಅದರಲ್ಲಿ ಗುರವ್ವನ ಪಾತ್ರ ದೊಡ್ಡದು. ಸಿಂದಗಿಯ ಚೌಕದಲ್ಲಿ ಹನ್ನೊಂದು ಎಂದಿತ್ತು. ಖಂಡೆಪ್ಪ ಆ ಹನ್ನೊಂದನ್ನು ವರ್ಷದಿಂದ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ. ಸಿಂದಗಿಯವರಿಗೆ ಗುರವ್ವ ನಡೆಯುವುದಿಲ್ಲ ಎಂಬುದಕ್ಕೆ ಅದೇ ಅವನ ಸಾಕ್ಷಿ. ಈಗಲೂ ತೆಗೆದು ತೋರಿಸಿದ.

ವಿಜಯಶ್ರೀಗೆ ಆ ಅಂಕಿ ಒಪ್ಪಿಗೆಯಾಗಲಿಲ್ಲ. ಅದೇ ನಾಟಕ ಇಂಡಿಯಲ್ಲಿ ನಲವತ್ತೈದು, ಬಾಗೇವಾಡಿಯಲ್ಲಿ ನಲವತ್ತೆಂಟು ಹೋಗಿತ್ತು. ಅವಳು ಚಾಂದಸಾಬನಿಗೆ ಸಿಂದಗಿಯ ಶಂಕರೆಪ್ಪನಿಗೆ ಫೋನು ಹಚ್ಚಲು ಹೇಳಿದಳು. ಶಂಕರೆಪ್ಪ ಬಹಳ ಶಿಸ್ತಿನ ವ್ಯಾಪಾರಿ. ಎಲ್ಲ ನಾಟಕದ ಮೊದಲ ವಾರವನ್ನೂ ತಾನು ತಪ್ಪದೆ ಸಂತೆಯ ದಿನ ಸಂಜೆ ಎಣಿಸಿಯೇ ಹೇಳುತ್ತೇನೆ ಎಂದ. ಡಿಸ್ಕು ಬಂದದ್ದು ಯಾವಾಗ ಎಂದು ಕೇಳಿದರೆ, ಯಾವಾಗ ಬಂದರೇನು, ವಾರವೆಂದರೆ ಸಂತೆಯಿಂದ ಸಂತೆಗೆ ಅಲ್ಲವೇ ಎಂದು ತಿರುಗಿ ಕೇಳಿದ. "ಬೀಗರ ಬುತ್ತಿ" ಅವನ ಅಂಗಡಿಗೆ ಸಂತೆಯ ಹಿಂದಿನ ದಿನ ಹೋಗಿತ್ತು. ಅವನ ಮೊದಲ ವಾರ ಎರಡೇ ದಿನದ್ದು. ಇನ್ನೊಂದು ನಾಟಕ ಸಂತೆಯ ಮರುದಿನ ಹೋಗಿತ್ತು. ಅದಕ್ಕೆ ಪೂರಾ ಏಳು ದಿನ ಸಿಕ್ಕಿತ್ತು. ಬಾಗೇವಾಡಿಯ ಅಂಗಡಿ ನಡೆಸುವ ವಿದ್ಯಾವತಿಯೊಬ್ಬಳು ಮಾತ್ರ ಡಿಸ್ಕು ಬಂದ ದಿನದಿಂದ ಏಳು ಎಣಿಸುತ್ತಿದ್ದಳು. ಮುದ್ದೇಬಿಹಾಳದ ಶಮಶುದ್ದೀನ ಮನಸ್ಸಿಗೆ ಬಂದಂತೆ.

"ಹಿಂಗಿದ್ರ ಹೆಂಗ್ರಿ," ಎಂದಳು ವಿಜಯಶ್ರೀ. "ಒಬ್ಬಾವ ಎರಡು ದಿನ ಓಡ್ಯಾನ, ಇನ್ನೊಬ್ಬಾವ ಏಳು ದಿನ ಓಡ್ಯಾನ. ಯಾರು ಜೋರು ಓಡಿದ್ರು ಅಂತ ನಾ ಹೆಂಗ ಹೇಳ್ಲಿ?"

ಅದೃಷ್ಟಕ್ಕೆ ಎಲ್ಲ ಅಂಗಡಿಯವರೂ ಡಿಸ್ಕು ಮಾರಿದಾಗ ಒಂದು ನೋಟುಬುಕ್ಕಿನಲ್ಲಿ ಆ ದಿನದ ಹೆಸರಿನ ಕೆಳಗೆ ಗೆರೆ ಎಳೆಯುತ್ತಿದ್ದರು. ಚಾಂದಸಾಬ ಮೂರು ಊರಿಗೂ ಹೇಳಿಕಳಿಸಿದ. ಮರುದಿನ ಮಧ್ಯಾಹ್ನದೊಳಗೆ ಮೂರು ನೋಟುಬುಕ್ಕು ಮೂರು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಬಂದಿಳಿದವು. ಶಂಕರೆಪ್ಪನದಕ್ಕೆ ಪ್ಲಾಸ್ಟಿಕ್ ಹೊದಿಕೆ ಇತ್ತು. ಶಮಶುದ್ದೀನನದಕ್ಕೆ ಚಹಾದ ಕಲೆ ಇತ್ತು. ವಿಜಯಶ್ರೀ ಹಳೆಯ ಅಂಕಿಗಳನ್ನೆಲ್ಲ ಅಳಿಸಿ, ಪ್ರತಿ ಅಂಗಡಿಗೂ ಡಿಸ್ಕು ಮುಟ್ಟಿದ ದಿನದಿಂದ ಏಳು ದಿನದ ಗೆರೆ ಮಾತ್ರ ಎಣಿಸಿ ಹೊಸದಾಗಿ ತುಂಬಿದಳು. ಗುರವ್ವ ಓದಲಾರಳು, ಆದರೆ ಗೆರೆ ಎಣಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಐದೈದರ ಕಟ್ಟು ಮಾಡಿ ಪಟಪಟನೆ ಹೇಳುತ್ತಿದ್ದಳು. ಸಿಂದಗಿಯ ಹನ್ನೊಂದು ನಲವತ್ತಮೂರಾಯಿತು. ಖಂಡೆಪ್ಪನ ಜೇಬಿನ ಸಾಕ್ಷಿ ಜೇಬಿನಲ್ಲೇ ಸತ್ತಿತು.

ಆದರೂ ಅವನ ಮುಖದ ಕಳೆ ಇಳಿಯಲಿಲ್ಲ. ಹದಿನಾಲ್ಕನೆಯ ಸಾಲು ಬರಲೆಂದು ಕಾಯುತ್ತಿದ್ದ. "ಖಂಡೆಪ್ಪನ ಖದರು" ಅದರ ಹೆಸರು. ಅವನೇ ಬರೆದು, ಅವನೇ ನಟಿಸಿ, ಹಿನ್ನೆಲೆಯಲ್ಲಿ ಎಮ್ಮೆ ಕೂಗಿದ್ದೂ ಅವನೇ. ಆ ನಾಟಕಕ್ಕೆ ಮಾತ್ರ ಮುದ್ದೇಬಿಹಾಳದಿಂದ ಮತ್ತೆ ನೂರಾ ಎಂಬತ್ತು ಡಿಸ್ಕು ಕಳಿಸಿ ಎಂದು ಬೇಡಿಕೆ ಬಂದಿತ್ತು. ಗುರವ್ವ ಶಮಶುದ್ದೀನನ ನೋಟುಬುಕ್ಕಿನ ಆ ಪುಟ ತೆರೆದು ಕಣ್ಣಿಗೆ ಹತ್ತಿರ ಹಿಡಿದಳು. ಬೇರೆ ದಿನಗಳ ಕೆಳಗೆ ಮೂರೋ ನಾಲ್ಕೋ ಗೆರೆ, ಒಂದು ಮಂಗಳವಾರದ ಕೆಳಗೆ ಮಾತ್ರ ಪುಟದ ತುಂಬ ಬೇಲಿ ಕಟ್ಟಿದಂತೆ ಗೆರೆ. ಎಣಿಸಿದಳು. ಮುದ್ದೇಬಿಹಾಳದ ಏಳು ದಿನಕ್ಕೆ ಇನ್ನೂರೈದು.

ವಿಜಯಶ್ರೀ ಇನ್ನೂರೈದು ಎಂದು ಹೊಡೆದಳು, ಹೊಡೆದು ಆ ಚೌಕಕ್ಕೆ ಹಳದಿ ಬಣ್ಣ ತುಂಬಿದಳು. ಕಪ್ಪು ಅಕ್ಷರಗಳ ನಡುವೆ ಅದೊಂದೇ ಚೌಕ ಸೇವಂತಿಗೆಯ ಹಾಗೆ ಹೊಳೆಯಿತು. ಖಂಡೆಪ್ಪನ ಕಣ್ಣು ತುಂಬಿಬಂತು. ಕಂಪ್ಯೂಟರು ತನಗೆ ಬಂಗಾರದ ಪದಕ ಕೊಟ್ಟಿತೆಂದು ತಿಳಿದ ಅವನು, ಆ ಚೌಕದ ಫೋಟೋ ತೆಗೆದು ಕೊಡಬೇಕೆಂದು ಚಾಂದಸಾಬನನ್ನು ಕೇಳಿಕೊಂಡ.

ಇಪ್ಪತ್ತೂ ಸಾಲು ತುಂಬಿದ ಮೇಲೆ ವಿಜಯಶ್ರೀ ಇಡೀ ಕೋಷ್ಟಕವನ್ನು ಗುರುತು ಮಾಡಿ, ಒಟ್ಟು ದೊಡ್ಡದಿದ್ದದ್ದು ಮೇಲೆ, ಸಣ್ಣದು ಕೆಳಗೆ ಬರುವಂತೆ ಜೋಡಿಸಿದಳು. ಒಟ್ಟಿನ ಕಾಲಮ್ಮನ್ನಷ್ಟೇ ಜೋಡಿಸಿದರೆ ಒಬ್ಬರ ತಲೆ ಇನ್ನೊಬ್ಬರ ಮೈಮೇಲೆ ಕೂರುತ್ತದೆ, ಸಾಲಿಗೆ ಸಾಲೇ ಕೂಡಿ ಸರಿಯಬೇಕು ಎಂದು ವಿವರಿಸಿದಳು. ಸಾಲುಗಳು ಒಮ್ಮೆಗೇ ಅದಲುಬದಲಾದವು. ಎಲ್ಲಕ್ಕಿಂತ ಮೇಲೆ ಬಂದು ಕೂತದ್ದು "ಖಂಡೆಪ್ಪನ ಖದರು". ಒಟ್ಟು ಇನ್ನೂರಾ ತೊಂಬತ್ತು.

ಖಂಡೆಪ್ಪ ಎದ್ದುನಿಂತ. ಆ ಕ್ಷಣದಲ್ಲಿ ಅವನ ಎತ್ತರ ಒಂಬತ್ತು ಅಡಿ ಆಗಿತ್ತು. ಮಹಡಿಯ ಪಂಖ ಒಂದು ಕ್ಷಣ ತಿರುಗುವುದನ್ನು ನಿಲ್ಲಿಸಿ ದಾರಿ ಬಿಟ್ಟಿತು. ಕೆಳಗಿನ ಹೋಟೆಲಿನಿಂದ ಎಲ್ಲರಿಗೂ ಚಹಾ ಹೇಳಿ, ಮುಂದಿನ ನಾಟಕಕ್ಕೆ ತನಗೆ ಹೊಸ ಬಿಳಿ ಪ್ಯಾಂಟು ಬೇಕು ಎಂದೂ ಹೇಳಿದ. ಗುರವ್ವ ತಟ್ಟೆಗೆ ಚಹಾ ಸುರುವಿಕೊಂಡು, ಆತು ಬಿಡಪ್ಪಾ, ಗೆದ್ದಿ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಖಂಡೆಪ್ಪನಿಗೆ ಸ್ವಲ್ಪ ಚುಚ್ಚಿತು, ಆದರೆ ಚಹಾ ಬಿಸಿಯಿತ್ತು, ಕುಡಿದ.

ವಿಜಯಶ್ರೀ ಇನ್ನೂ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಮೇಲಿನದೊಂದು ಬಿಟ್ಟು ಅದರ ಕೆಳಗಿನ ಏಳು ಸಾಲನ್ನು ನೋಡಿರಿ ಎಂದಳು. ಆ ಏಳರಲ್ಲಿ ಒಂದೊಂದೂ ನೂರಾ ಅರವತ್ತರ ಆಸುಪಾಸು. ಅವುಗಳಲ್ಲಿ ಮೂರಕ್ಕೆ ಬಾಗೇವಾಡಿಯ ಚೌಕದಲ್ಲಿ ಸರಿಯಾಗಿ ಐವತ್ತು. ಕಳಿಸಿದ್ದೇ ಐವತ್ತಾದ್ದರಿಂದ ಅಲ್ಲಿ ಡಿಸ್ಕು ತೀರಿಹೋಗಿದ್ದವು, ಇನ್ನೂ ಇದ್ದಿದ್ದರೆ ಇನ್ನೂ ಹೋಗುತ್ತಿದ್ದವೋ ಏನೋ. ಈ ಏಳಕ್ಕೂ ಏನು ಸಂಬಂಧ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಉದ್ದ ನೋಡಿದರೆ ಐವತ್ತು ನಿಮಿಷದ್ದೂ ಇತ್ತು, ಎಪ್ಪತ್ತರದ್ದೂ ಇತ್ತು. ತಾರೀಖು ನೋಡಿದರೆ ಬೇಸಿಗೆಯದೂ ಇತ್ತು, ಚಳಿಗಾಲದ್ದೂ ಇತ್ತು. ಕವರಿನ ಕಾಲಮ್ಮಂತೂ ಇಪ್ಪತ್ತು ಬಾರಿ ಖಂಡೆಪ್ಪ.

ಆಗ ಗುರವ್ವ ಆ ಏಳರ ಹೆಸರನ್ನು ಒಂದೊಂದಾಗಿ ಓದಿಸಿಕೊಂಡಳು. ಓದು ಮುಗಿದ ಮೇಲೆ ತಟ್ಟೆ ಕೆಳಗಿಟ್ಟಳು.

"ಇವು ಏಳೂ ಸುರುವಿಗೇ ಜಗಳ ಇದ್ದಾವ ನೋಡು, ಯವ್ವಾ. ಬಸ್ಸಿಗೆ ನಿಂತಾವ ಎಷ್ಟೊತ್ತು ನಿಂದರ್ತಾನ? ಟಿವ್ಯಾಗ ಯಾರರ ಬೈದಾಡಾಕತ್ತಿದ್ರ ನಿಂದರ್ತಾನ. ಇಂವ ಮೋಟಾರ್ ಸೈಕಲ್ ಮ್ಯಾಲೆ ಊರು ಸುತ್ತಿ ಬರೂದ್ರಾಗ ಅವನ ಬಸ್ಸು ಹೊಕ್ಕೈತಿ."

ಎಲ್ಲರೂ ಕೆಳಗಿಳಿದರು. ಅಂಗಡಿಯ ಪ್ಲೇಯರಿಗೆ ಇಪ್ಪತ್ತು ಡಿಸ್ಕನ್ನೂ ಒಂದಾದಮೇಲೊಂದು ಹಾಕಿದರು. ಪ್ಲೇಯರಿನ ಮುಖದ ಮೇಲೆ ನಿಮಿಷ ಓಡುತ್ತಿತ್ತು. ಮೊದಲ ಜಗಳ ಯಾವ ನಿಮಿಷಕ್ಕೆ ಬರುತ್ತದೆ ಎಂದು ವಿಜಯಶ್ರೀ ಬರೆದುಕೊಂಡಳು. ಎರಡು ದಿನ ಹಿಡಿಯಿತು. ಖಂಡೆಪ್ಪ ತನ್ನ ಪ್ರವೇಶಗಳನ್ನೆಲ್ಲ ಮೊದಲ ಬಾರಿ ಕೈಕಟ್ಟಿ ನೋಡಿದ. ಒಂದರಲ್ಲಿ ಅವನ ಮೋಟಾರ್ ಸೈಕಲ್ ಬೇವಿನ ಗಿಡವನ್ನು ಐದು ಸಲ ಸುತ್ತಿ, ನಿಂತು, ಮತ್ತೆ ಎರಡು ಸಲ ಸುತ್ತಿತು. ನಿಲ್ದಾಣದಲ್ಲಿ ನಿಂತಿದ್ದ ಮುದುಕನೊಬ್ಬ, ಈ ಗಾಡಿಗೆ ಬ್ರೇಕ್ ಇಲ್ಲೇನು ಎಂದು ಕೇಳಿ ಬಸ್ಸು ಹತ್ತಿದ.

ಮತ್ತೆ ಮಹಡಿಗೆ ಹೋಗಿ ಹೊಸ ಕಾಲಮ್ಮು ತುಂಬಿದ ಮೇಲೆ ವಿಚಾರ ಮಾಡುವುದೇ ಬೇಡವಾಯಿತು. ಮೊದಲ ಮೂರು ನಿಮಿಷದೊಳಗೆ ಜಗಳ ಇದ್ದದ್ದು ಏಳು ನಾಟಕ, ಅವೇ ಏಳು. ಸರಾಸರಿ ನೂರಾ ಅರವತ್ತು. ಜಗಳ ತಡವಾಗಿ ಬಂದದ್ದು ಹದಿಮೂರು, ಸರಾಸರಿ ನೂರಾ ಐದು. ಇಪ್ಪತ್ತೇ ನಾಟಕ ನೋಡಿ ಖಾತ್ರಿ ಹೇಳಲಾಗುವುದಿಲ್ಲ, ಇದು ಗುರುತಷ್ಟೇ, ಮುಂದಿನದರಲ್ಲಿ ಮಾಡಿ ನೋಡಬೇಕು ಎಂದು ವಿಜಯಶ್ರೀ ಹೇಳಿದಳು. ಮತ್ತೆ, ಆ ನೂರಾ ಐದರ ಮೇಲೂ ತನಗೆ ಸಂಶಯವಿದೆ ಎಂದಳು. ಒಂದೇ ಒಂದು ಚೌಕ ಆ ಸರಾಸರಿಯನ್ನು ಜಗ್ಗಿ ಮೇಲೆ ಎತ್ತಿತ್ತು.

ಖಂಡೆಪ್ಪ ಬೆನ್ನು ನೆಟ್ಟಗೆ ಮಾಡಿದ. "ಬಂಗಾರದ ಚೌಕಕ್ಕ ಕೈ ಹಚ್ಚಬ್ಯಾಡ, ತಂಗಿ."

"ಬಂಗಾರ ಅಲ್ರಿ ಕಾಕಾ. ನನ್ನ ಹಾಳ್ಯಾಗ ಹಳದಿ ಅಂದ್ರ ಕೇಳೂದು ಬಾಕಿ ಐತಿ ಅಂತ."

ಚಾಂದಸಾಬ ಮುದ್ದೇಬಿಹಾಳಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಖಂಡೆಪ್ಪ ಅಷ್ಟರಲ್ಲಿ ಒಂದು ದೊಡ್ಡ ಕಥೆ ಹೆಣೆದಿದ್ದ. ಮುದ್ದೇಬಿಹಾಳದಲ್ಲಿ ತನಗೊಬ್ಬ ಅಭಿಮಾನಿ ಇದ್ದಾನೆ, ಹತ್ತು ಹಳ್ಳಿಗೆ ದೊಡ್ಡ ಕುಳ, ಮಗಳ ಮದುವೆಯಲ್ಲಿ ಬೀಗರಿಗೆ ಎಲೆಅಡಿಕೆಯ ಜೊತೆಗೆ ಒಂದೊಂದು ಡಿಸ್ಕು ಹಂಚಿದ, ಆನೆಯ ಮೇಲೆ ಕೂತು ಹಂಚಿದ ಎಂದು ಶುರುಮಾಡಿದ್ದ. ಆನೆ ಇನ್ನೂ ಮಂಟಪದ ಬಾಗಿಲು ದಾಟಿರಲಿಲ್ಲ, ಶಮಶುದ್ದೀನ ಫೋನು ಎತ್ತಿದ.

ಅವನಿಗೆ ಆ ಮಂಗಳವಾರ ಚೆನ್ನಾಗಿ ನೆನಪಿತ್ತು. ನೂರಾ ಎಂಬತ್ತನ್ನೂ ಒಬ್ಬನೇ ಒಯ್ದಿದ್ದ. ಎರಡು ದಿನ ಮುಂಚೆಯೇ ಬಂದು, ತರಿಸಿ ಇಡು ಎಂದು ಹೇಳಿಹೋಗಿದ್ದ. ತಲೆಗೆ ಮಫ್ಲರು, ಕಣ್ಣಿಗೆ ಕರಿ ಚಸ್ಮಾ. ಬೇಸಿಗೆಯಲ್ಲಿ ಮಫ್ಲರು ಯಾಕೆಂದು ಶಮಶುದ್ದೀನ ಕೇಳಿದ್ದಕ್ಕೆ, ತಾನು ಕಾಶ್ಮೀರದವನು ಎಂದಿದ್ದನಂತೆ.

"ಕಾಶ್ಮೀರದಾವ ನಮ್ಮ ಮಾತು ಛಂದ ಆಡ್ತಿದ್ದ ಬಿಡ್ರಿ," ಎಂದ ಶಮಶುದ್ದೀನ. "ದ್ರಾಕ್ಷಿ ತುಂಬೋ ಬುಟ್ಟ್ಯಾಗ ಡಿಸ್ಕು ಹಾಕ್ಕೊಂಡು ಇಂಡಿ ಬಸ್ಸು ಹತ್ತಿದ."

ಚಾಂದಸಾಬ ಫೋನು ಇಟ್ಟ. ಖಂಡೆಪ್ಪ ಪಂಖ ನೋಡುತ್ತಿದ್ದ. ಗುರವ್ವ ಅವನನ್ನು ನೋಡುತ್ತಿದ್ದಳು. ಅವಳು ವರ್ಷದಿಂದ ಅವನ ತೋಟದ ಬದುವಿನ ಮೇಲೆ ಹಾದು ಕೆಲಸಕ್ಕೆ ಹೋಗುವವಳು.

"ಖಂಡೆಪ್ಪಾ," ಎಂದಳು, ಮೆಲ್ಲಗೆ. "ನಿನ್ನ ದ್ರಾಕ್ಷಿ ಪಡದಾಗ ದಾರ ಕಟ್ಟಿ ತೂಗ ಬಿಟ್ಟೀಯಲ್ಲ, ಬಿಸಲಿಗೆ ಪಳಪಳ ಹೊಳಿತಾವು. ನಾ ಕನ್ನಡಿ ಅಂದ್ಕೊಂಡಿದ್ನೆಪಾ. ಹಕ್ಕಿ ಅಂಜೂದು ಅವಕ್ಕೇನು?"

ಖಂಡೆಪ್ಪನ ಒಂಬತ್ತು ಅಡಿ ಮೆಲ್ಲಗೆ ಇಳಿದು ಐದಡಿ ನಾಲ್ಕು ಇಂಚಿಗೆ ಬಂದು ನಿಂತಿತು. ಕುರ್ಚಿಯಲ್ಲಿ ಕೂತ. ಆ ಡಿಸ್ಕಿನ ದುಡ್ಡಿಗೆ ಒಂದು ಹೋತ ಮಾರಿದ್ದೆ ಎಂದ. ಆ ನಾಟಕ ಪೂರಾ ತನ್ನದಾಗಿತ್ತು, ಬರೆದದ್ದೂ ತಾನೇ; ನಾಲ್ಕನೆಯ ದಿನಕ್ಕೆ ಅದು ಬಿತ್ತೆಂದು ಎಲ್ಲ ಊರಿನಿಂದ ಸುದ್ದಿ ಬರತೊಡಗಿತ್ತು, ನೋಡಲಾಗಲಿಲ್ಲ ಎಂದ. ಇಂಡಿಯಲ್ಲಿ ಕೊಂಡರೆ ಗುರುತು ಹಿಡಿಯುತ್ತಾರೆ, ಮುದ್ದೇಬಿಹಾಳ ದೂರ. ಡಿಸ್ಕು ಮನೆಗೆ ಒಯ್ದರೆ ಹೆಂಡತಿ ಲಕ್ಕವ್ವ ಎಲ್ಲಿಡುವುದೆಂದು ಕೇಳಿದಳು. ಅವಳೇ ದಾರ ಹಾಕಿ ದ್ರಾಕ್ಷಿಗೆ ಕಟ್ಟಿದಳು. ಗಿಳಿಗಳು ಬರುವುದು ನಿಂತದ್ದು ಮಾತ್ರ ಖರೆ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಆ ಹೊತ್ತಿನಲ್ಲೂ ಸೇರಿಸಿದ.

ವಿಜಯಶ್ರೀ ಇನ್ನೂರೈದರಲ್ಲಿ ನೂರಾ ಎಂಬತ್ತು ಕಳೆದು ಇಪ್ಪತ್ತೈದು ಎಂದು ಹೊಡೆದಳು. ಹಳದಿ ತೆಗೆದಳು. ಒಟ್ಟು ತನ್ನಷ್ಟಕ್ಕೆ ತಾನೇ ನೂರಾ ಹತ್ತಾಯಿತು, ಹದಿಮೂರರ ಸರಾಸರಿ ತೊಂಬತ್ತೊಂದು ಚಿಲ್ಲರೆಗೆ ಇಳಿಯಿತು. ಮತ್ತೆ ಜೋಡಿಸಿದಾಗ "ಖಂಡೆಪ್ಪನ ಖದರು" ಮೇಲಿನಿಂದ ಜಾರಿ ಒಂಬತ್ತನೆಯ ಜಾಗಕ್ಕೆ ಬಂದು ನಿಂತಿತು.

ಚಾಂದಸಾಬ ನಕ್ಕನೇ ಹೊರತು ಬೈಯಲಿಲ್ಲ. ನಕ್ಕು ನಕ್ಕು ಟೋಪಿ ತೆಗೆದು ಮುಖ ಒರೆಸಿಕೊಂಡ. ಇಪ್ಪತ್ತೊಂದನೆಯದು ಗುರವ್ವನದು ಎಂದು ಅಲ್ಲಿಗೆ ತೀರ್ಮಾನವಾಯಿತು. ಖಂಡೆಪ್ಪ ತಲೆ ತಗ್ಗಿಸಿ ಹೊರಟಿದ್ದ, ಬಾಗಿಲಲ್ಲಿ ಗುರವ್ವ ತಡೆದಳು. ತನಗೆ ಬೈಯಲು ಎದುರಿಗೊಬ್ಬ ಬೇಕು, ಬೈಸಿಕೊಳ್ಳುವವನ ಮುಖ ಚೆನ್ನಾಗಿರಬೇಕು, ಆ ಮುಖ ನಾಲ್ಕು ತಾಲೂಕಿನಲ್ಲಿ ಇವನೊಬ್ಬನಿಗೇ ಇರುವುದು ಎಂದಳು. ಕಥೆಯನ್ನೂ ಅವಳೇ ಹೇಳಿದಳು: ತನ್ನ ನಾಟಕದ ಡಿಸ್ಕನ್ನು ತಾನೇ ಕೊಂಡು ತೋಟದಲ್ಲಿ ತೂಗುಹಾಕುವ ಒಬ್ಬ ಮನುಷ್ಯ. ಖಂಡೆಪ್ಪ ಮೀಸೆ ಸವರಿಕೊಂಡು, ಮಫ್ಲರು ನನ್ನದೇ ತರುತ್ತೇನೆ ಎಂದ.

ಆ ನಾಟಕದಲ್ಲಿ ಗುರವ್ವ ನಲವತ್ತನೆಯ ಸೆಕೆಂಡಿಗೆ ಬಾಯಿ ಬಿಟ್ಟಳು. ನಾಲ್ಕೂ ಊರಿನಲ್ಲಿ ಡಿಸ್ಕು ಮುಟ್ಟಿದ ದಿನದಿಂದ ಏಳು ದಿನ ಎಣಿಸಿದರು. ಇನ್ನೂರರಲ್ಲಿ ನೂರಾ ಎಂಬತ್ತೆಂಟು ಹೋಗಿದ್ದವು. ವಿಜಯಶ್ರೀ ಇಪ್ಪತ್ತೊಂದನೆಯ ಸಾಲು ತುಂಬಿ, ಗುರುತು ಸರಿ ಇದ್ದಂತಿದೆ, ಇನ್ನೂ ಒಂದೆರಡು ನೋಡೋಣ ಎಂದಷ್ಟೇ ಹೇಳಿದಳು.

ಮುಂದಿನ ವಾರ ಸಿಂದಗಿಯ ಶಂಕರೆಪ್ಪ ತಾನೇ ಖುದ್ದಾಗಿ ಬಂದು ಚಾಂದಸಾಬನ ಅಂಗಡಿಯಲ್ಲಿ ಕೂತ. ಖಂಡೆಪ್ಪನ ಕಥೆ ಕೇಳದ ಮನುಷ್ಯ ಸಿಕ್ಕಿದ್ದೇ ತಡ, ಖಂಡೆಪ್ಪ ಕಾಲ ಮೇಲೆ ಕಾಲು ಹಾಕಿ ಭೀಮಾ ನದಿಯನ್ನು ನಿಲ್ಲಿಸಿದ. ಈ ಸಲ ಮುಕ್ಕಾಲು ಗಂಟೆಯಲ್ಲ, ಒಂದೂವರೆ ಗಂಟೆ. ವಿಜಯಶ್ರೀ ಕೋಷ್ಟಕದ ಪ್ರಿಂಟು ಕೊಡಲು ಕೆಳಗೆ ಬಂದಿದ್ದಳು. ಹಾಳೆಯನ್ನು ಅವನ ಮುಂದಿಟ್ಟು, ಒಂದನೆಯ ನಾಟಕದ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟಳು. ಬಿಡುಗಡೆಯ ತಾರೀಖು ಏಪ್ರಿಲ್ ಹನ್ನೆರಡು. ನಾಲ್ಕೂ ಊರಿನ ಒಟ್ಟು, ಒಂಬತ್ತು.

"ಏಪ್ರಿಲ್ದಾಗ ಹೊಳ್ಯಾಗ ನೀರಿತ್ತೇನೋ, ಖಂಡೆಪ್ಪಾ?" ಎಂದಳು ಎಲೆಅಡಿಕೆ ಮೆಲ್ಲುತ್ತಿದ್ದ ಗುರವ್ವ.

ಎಲ್ಲರೂ ಅವನ ಕಡೆ ತಿರುಗಿದರು. ಖಂಡೆಪ್ಪ ಹಾಳೆ ನೋಡಿದ, ಹೊರಗಿನ ಬಸ್ಸು ನೋಡಿದ, ಕಾಲು ಕೆಳಗಿಳಿಸಿದ.

"ಇರಲಿಲ್ರಿ," ಎಂದ. "ಹೊಳಿ ಬತ್ತಿತ್ತು. ವಾರ ಕಾದ್ರೂ ಒಂಬತ್ತs ಹ್ವಾದುವು ಅಂತ ಚಾಂದಸಾಬ್ರು ಹೇಳಿದ್ರು. ಅದರಾಗ ಮೂರು ನಮ್ಮ ಲಕ್ಕವ್ವ ಕೊಂಡಿದ್ಲು. ಅವತ್ತು ಉಸುಕಿನ್ಯಾಗ ಮುಕ್ಕಾಲು ತಾಸು ಸುಮ್ಮನ ನಿಂತಾವ ನಾನs."